ತೀನ್‌ತಾಲ್‌ನ ಸಮ ಹಿಡಿಯಬೇಕೆ? ಡಗ್ಗಾ ಕೇಳಿ

ಹಿಂದೂಸ್ತಾನಿ ಸಂಗೀತದ 16 ಎಣಿಕೆಯ ತಾಳವಾದ ತೀನ್‌ತಾಲ್‌ನಲ್ಲಿ ಒಂದು ವಿಚಿತ್ರ ಇದೆ. ಅದರ ಒಂದೊಂದು ಎಣಿಕೆ ಒಂದು ಮಾತ್ರೆ. ತಾಳ ಹಾಕುವ ಕೈ 9ನೇ ಮಾತ್ರೆಯಲ್ಲಿ ತಟ್ಟದೆ ಬೀಸಿ ಖಾಲಿ ತೋರಿಸುತ್ತದೆ. ಆದರೆ ಅದೇ 9ನೇ ಮಾತ್ರೆಯಲ್ಲಿ ತಬಲಾ ತುಂಬಿದ ದನಿಯಲ್ಲಿ ‘ಧಾ’ ಎನ್ನುತ್ತದೆ. 13ನೇ ಮಾತ್ರೆಯಲ್ಲಿ ಕೈ ಚಪ್ಪಾಳೆ ತಟ್ಟುತ್ತದೆ. ಅಲ್ಲಿ ತಬಲಾ ನುಡಿಸುವುದು ಬರೀ ‘ತಾ’, ಅದರಲ್ಲಿ ಎಡಗೈಯ ವಾದ್ಯ ಡಗ್ಗಾದ ದನಿಯೇ ಇಲ್ಲ. ಕೈ ಹೇಳುವುದು ಒಂದು, ತಬಲಾ ಹೇಳುವುದು ಇನ್ನೊಂದು.

ತೀನ್‌ತಾಲ್ ಕಲಿಯಲು ಕೂತವರೆಲ್ಲ ಈ ಜಾಗಕ್ಕೆ ಬಂದೇ ಬರುತ್ತಾರೆ. ಹೆಚ್ಚಿನವರು ಬಾಯಿಪಾಠ ಮಾಡಿಕೊಂಡು ಮುಂದೆ ಹೋಗುತ್ತಾರೆ. ನನಗೆ ಮಾತ್ರ ಅದನ್ನು ದಾಟಿ ಹೋಗಲು ಮನಸ್ಸಾಗಲಿಲ್ಲ. ಆ ಒಂದು ಮಾತ್ರೆಯ ಸರಿದಾಟದಲ್ಲೇ ಇಡೀ ಠೇಕಾದ, ಅಂದರೆ ತಬಲಾ ಪ್ರತಿ ಸುತ್ತೂ ನುಡಿಸುವ ಪೆಟ್ಟುಗಳ ಸಾಲಿನ, ಗುಟ್ಟು ಇದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಕಛೇರಿಯಲ್ಲಿ ಕೂತು ಸಮ, ಅಂದರೆ ತಾಳದ ಮೊದಲ ಮಾತ್ರೆ, ಎಲ್ಲಿ ಬರುತ್ತದೆ ಎಂದು ತಿಳಿಯದೆ ಪಕ್ಕದವರು ತಲೆ ಆಡಿಸಿದಾಗ ತಾವೂ ಆಡಿಸುವವರು ಬಹಳ ಜನ ಇದ್ದಾರೆ. ಅವರಿಗೂ ಈ ಗುಟ್ಟು ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಮೊದಲು ಠೇಕಾವನ್ನೇ ಬರೆದುಬಿಡೋಣ. 16 ಮಾತ್ರೆಗಳು, ನಾಲ್ಕು ನಾಲ್ಕರಂತೆ ನಾಲ್ಕು ವಿಭಾಗಗಳು.

ಧಾ ಧಿಂ ಧಿಂ ಧಾ | ಧಾ ಧಿಂ ಧಿಂ ಧಾ | ಧಾ ತಿಂ ತಿಂ ತಾ | ತಾ ಧಿಂ ಧಿಂ ಧಾ

1, 5 ಮತ್ತು 13ನೇ ಮಾತ್ರೆಗಳಲ್ಲಿ ಚಪ್ಪಾಳೆ, ಅಂದರೆ ತಾಲಿ. 9ರಲ್ಲಿ ಅಂಗೈ ಮೇಲೆ ಮಾಡಿ ಬೀಸುವುದು, ಅದು ಖಾಲಿ. ವಿಷ್ಣು ನಾರಾಯಣ ಭಾತಖಂಡೆಯವರ ಸ್ವರಲಿಪಿಯಲ್ಲಿ ಸಮಕ್ಕೆ ಗುಣಾಕಾರದ ಗುರುತು, ಖಾಲಿಗೆ ಸೊನ್ನೆ, ಉಳಿದ ತಾಲಿಗಳಿಗೆ ಅವುಗಳ ಅಂಕಿ ಹಾಕುತ್ತಾರೆ. ಹಾಗಾಗಿ ಪುಸ್ತಕದಲ್ಲಿ ಬಂದಿಶ್‌ನ, ಅಂದರೆ ಹಾಡಿನ ರಚನೆಯ, ಕೆಳಗೆ ×, 2, 0, 3 ಎಂದು ಕಂಡರೆ ಅದು ತೀನ್‌ತಾಲ್‌ನ ನಾಲ್ಕು ವಿಭಾಗಗಳ ಬಾಗಿಲು. 16 ಮುಗಿದ ಮೇಲೆ ಮತ್ತೆ 1. ಆ 1 ಎಂಬುದೇ ಸಮ.

ಇದಿಷ್ಟು ಲೆಕ್ಕ. ಲೆಕ್ಕ ಗೊತ್ತಿದ್ದರೂ ಕಿವಿಗೆ ತಾಳ ಸಿಗುವುದಿಲ್ಲ. ಕಿವಿಗೆ ಸಿಗುವುದು ಬೋಲ್‌ಗಳು, ಅಂದರೆ ತಬಲಾದ ನುಡಿಗಳು.

ಈ ಠೇಕಾದಲ್ಲಿ ಇರುವುದು ನಾಲ್ಕೇ ಬೋಲ್: ಧಾ, ಧಿಂ, ತಾ, ತಿಂ. ಅವುಗಳ ಹಿಂದೆ ಇರುವುದು ಮೂರೇ ಪೆಟ್ಟು. ಬಲಗೈಯ ತಬಲಾದ ಮೇಲೆ ಎರಡು, ಎಡಗೈಯ ಡಗ್ಗಾದ ಮೇಲೆ ಒಂದು. ಬಲಗೈಯ ತೋರುಬೆರಳು ಅಂಚಿಗೆ ಬಡಿದಾಗ ಗಟ್ಟಿಯಾಗಿ, ಚುರುಕಾಗಿ ಬರುವುದು ತಾ. ಇದನ್ನೇ ಕೆಲವರು ನಾ ಎನ್ನುತ್ತಾರೆ. ಅಂಚಿಗೂ ನಡುವಿನ ಕಪ್ಪು ಶಾಯಿಗೂ ಮಧ್ಯದ ಚರ್ಮವನ್ನು ಮೆತ್ತಗೆ ಮುಟ್ಟಿ ಬಿಟ್ಟಾಗ ಬರುವುದು ತಿಂ. ಎರಡರಲ್ಲೂ ಉಂಗುರಬೆರಳು ಶಾಯಿಯ ಅಂಚಿನಲ್ಲಿ ಹಗುರವಾಗಿ ಕೂತಿರುತ್ತದೆ. ಕೆಲವು ಬಾಜ್‌ಗಳಲ್ಲಿ, ಅಂದರೆ ನುಡಿಸುವ ಶೈಲಿಗಳಲ್ಲಿ, ತಿಂ ಕೂಡ ಅಂಚಿನಲ್ಲೇ ಬರುತ್ತದೆ, ಆಗ ತೂಕ ಮಾತ್ರ ಬೇರೆ. ಎಡಗೈಯದು ಗೆ. ಮಣಿಕಟ್ಟನ್ನು ಡಗ್ಗಾದ ಮೇಲೆ ಊರಿ, ಬೆರಳ ತುದಿಗಳಿಂದ ಹೊಡೆದು ತಕ್ಷಣ ಎತ್ತಿದರೆ ಆಳವಾದ, ಗುಂಯ್‌ಗುಡುವ ದನಿ ಹೊರಡುತ್ತದೆ.

ತಾ ಜೊತೆ ಗೆ ಸೇರಿದರೆ ಧಾ. ತಿಂ ಜೊತೆ ಗೆ ಸೇರಿದರೆ ಧಿಂ. ಅಷ್ಟೇ. ಅಂದರೆ ಧಾ ಮತ್ತು ತಾ ನಡುವಿನ ವ್ಯತ್ಯಾಸ ಬಲಗೈಯಲ್ಲಿ ಇಲ್ಲವೇ ಇಲ್ಲ. ಬಲಗೈ ಎರಡರಲ್ಲೂ ಒಂದೇ ಕೆಲಸ ಮಾಡುತ್ತದೆ. ಡಗ್ಗಾ ಇದೆಯೋ ಇಲ್ಲವೋ ಎಂಬುದೊಂದೇ ವ್ಯತ್ಯಾಸ.

ಈಗ ಠೇಕಾವನ್ನು ಬಲಗೈಯೊಂದರಲ್ಲೇ ನುಡಿಸಿ ನೋಡಿ. ತಾ ತಿಂ ತಿಂ ತಾ, ತಾ ತಿಂ ತಿಂ ತಾ, ತಾ ತಿಂ ತಿಂ ತಾ, ತಾ ತಿಂ ತಿಂ ತಾ. ನಾಲ್ಕೂ ವಿಭಾಗ ಒಂದೇ! ಬಲಗೈಗೆ ತೀನ್‌ತಾಲ್ ಎಂದರೆ ನಾಲ್ಕೇ ಮಾತ್ರೆಯ ಸುತ್ತು. 16 ಮಾತ್ರೆಯ ತಾಳವನ್ನು ಕಟ್ಟುತ್ತಿರುವುದು ಪೂರ್ತಿ ಎಡಗೈ. ಅದೂ ಬಾರಿಸುವುದರಿಂದ ಅಷ್ಟೇ ಅಲ್ಲ, ಬಾರಿಸದೆ ಬಿಡುವುದರಿಂದ. ಹೊಸಬರು ತಬಲಾ ಕೇಳುವಾಗ ಟಣ್ ಎನ್ನುವ ಬಲಗೈಯ ದನಿಗೇ ಕಿವಿ ಕೊಡುತ್ತಾರೆ, ಅದು ಎದ್ದು ಕೇಳಿಸುತ್ತದಲ್ವಾ. ಆದರೆ ತಾವು ಎಲ್ಲಿದ್ದೇವೆ ಎಂಬ ಸುದ್ದಿ ಬರುವುದು ಎಡಗಡೆಯಿಂದ.

ಡಗ್ಗಾ ಎಲ್ಲೆಲ್ಲಿ ಇದೆ ಎಂದು ನೋಡೋಣ. 1ರಿಂದ 9ರವರೆಗೆ ಪ್ರತಿ ಮಾತ್ರೆಯಲ್ಲೂ ಇದೆ. 10, 11, 12, 13ರಲ್ಲಿ ಇಲ್ಲ. 14ಕ್ಕೆ ಮರಳಿ ಬಂತು. 14, 15, 16 ದಾಟಿ ಸಮಕ್ಕೆ ಹೋಗಿ ಮತ್ತೆ 9ರವರೆಗೆ ನಡೆಯಿತು. ಇಡೀ ಆವರ್ತನವನ್ನು ಡಗ್ಗಾದ ಕಣ್ಣಿನಿಂದ ನೋಡಿದರೆ 12 ಮಾತ್ರೆ ಸದ್ದು, 4 ಮಾತ್ರೆ ಮೌನ. ಮೌನದ ಉದ್ದ ಸರಿಯಾಗಿ ಒಂದು ವಿಭಾಗದಷ್ಟೇ. ಆದರೆ ಅದು ವಿಭಾಗದ ಮೇಲೆ ಕೂತಿಲ್ಲ. ಒಂದು ಮಾತ್ರೆ ಮುಂದಕ್ಕೆ ಸರಿದು ಕೂತಿದೆ.

ಯಾಕೆ ಹೀಗೆ? ನನಗೆ ಒಪ್ಪಿಗೆಯಾಗುವ ಉತ್ತರ ಠೇಕಾವನ್ನು ಬೇರೆ ಕಡೆಯಿಂದ ಒಡೆದಾಗ ಕಾಣುತ್ತದೆ. 1ರಿಂದ ಓದುವ ಬದಲು 2ರಿಂದ ಓದಿ.

ಧಿಂ ಧಿಂ ಧಾ ಧಾ | ಧಿಂ ಧಿಂ ಧಾ ಧಾ | ತಿಂ ತಿಂ ತಾ ತಾ | ಧಿಂ ಧಿಂ ಧಾ ಧಾ

ಎಲ್ಲ ಗೊಂದಲ ಮಾಯ. ಮೂರು ತುಂಬಿದ ತುಂಡುಗಳು, ಒಂದು ಡಗ್ಗಾ ಇಲ್ಲದ ತುಂಡು, ಯಾವುದರಲ್ಲೂ ಬೆರಕೆ ಇಲ್ಲ. ಪ್ರತಿ ತುಂಡೂ ಒಂದು ವಿಭಾಗದ ಮೊದಲ ಮಾತ್ರೆಯ ಮೇಲೆ ಬಂದು ಮುಗಿಯುತ್ತದೆ. ಮೊದಲ ತುಂಡಿನ ಕೊನೆಯ ಧಾ 5ನೇ ಮಾತ್ರೆ. ಎರಡನೆಯದರ ಕೊನೆ 9. ಮೂರನೆಯದು 13ರಲ್ಲಿ ಮುಗಿಯುತ್ತದೆ, ಅದಕ್ಕೇ ಅಲ್ಲಿ ತಾ. ಕೊನೆಯ ತುಂಡಿನ ಕೊನೆಯ ಧಾ ಎಂದರೆ ಸಮ.

ಹೀಗೆ ನೋಡಿದಾಗ ಸಮ ಎಂಬುದು ಹೊರಡುವ ಜಾಗ ಅಲ್ಲ, ತಲುಪುವ ಜಾಗ. ಪುಸ್ತಕದಲ್ಲಿ ಅದಕ್ಕೆ 1 ಎಂಬ ಅಂಕಿ ಇದೆ ನಿಜ. ಆದರೆ ಕೇಳುವಾಗ ಅದು 17ನೆಯದು. 9ನೇ ಮಾತ್ರೆಯ ಧಾ ಕೂಡ ಖಾಲಿಯ ಆರಂಭ ಅಲ್ಲ, ಅದಕ್ಕೂ ಮುಂಚಿನ ತುಂಡಿನ ಮುಕ್ತಾಯ. ಕೈ ಎಣಿಸುವುದು ವಿಭಾಗ ಎಲ್ಲಿ ಶುರುವಾಯಿತು ಎಂದು. ತಬಲಾ ನುಡಿಯುವುದು ಎಲ್ಲಿಗೆ ಬಂದು ಸೇರಿತು ಎಂದು. ಎರಡೂ ಸರಿ. ಒಂದೇ ಮಾತ್ರೆಯನ್ನು ಒಂದು ಮುಂದಿನಿಂದ ನೋಡುತ್ತದೆ, ಇನ್ನೊಂದು ಹಿಂದಿನಿಂದ ನೋಡುತ್ತದೆ.

ಕೆಲವರು 9ರಲ್ಲೂ ನಾ ಎಂದೇ ಹೇಳಿ ನುಡಿಸುತ್ತಾರೆ, ನಾ ತಿಂ ತಿಂ ನಾ ಎಂದು. ಅದನ್ನು ತಪ್ಪು ಎನ್ನಲಾರೆ, ಅದೂ ಚಾಲ್ತಿಯಲ್ಲಿದೆ. ಆಗ ಖಾಲಿ ತೋರಿಸುವ ಕೈಗೂ ತಬಲಾಕ್ಕೂ 9ರಲ್ಲಿ ಜಗಳ ಇರುವುದಿಲ್ಲ, ಮೌನ ಐದು ಮಾತ್ರೆ ಆಗುತ್ತದೆ. ಆದರೂ ನನಗೆ ಇಷ್ಟ ಧಾ ಇರುವ ರೂಪವೇ. ಅದರಲ್ಲಿ ನಾಲ್ಕು ತುಂಡುಗಳ ಆಕಾರ ಕೆಡುವುದಿಲ್ಲ.

ಈಗ ಕೇಳುಗರ ಕಡೆಗೆ ಬರೋಣ. ಹಾಡು ಶುರುವಾಗಿ ಎಷ್ಟೋ ಹೊತ್ತಾಗಿದೆ, ನೀವು ಈಗ ಬಂದು ಕೂತಿದ್ದೀರಿ. ಮಧ್ಯಲಯದ ತೀನ್‌ತಾಲ್ ನಡೆಯುತ್ತಿದೆ. ಸಮ ಎಲ್ಲಿ?

ಸುಮ್ನೆ 16 ಎಣಿಸಲು ಹೊರಟರೆ ಆಗದು. ಎಲ್ಲಿಂದ ಎಣಿಸಬೇಕು ಎಂಬುದೇ ಪ್ರಶ್ನೆ ಅಲ್ವಾ. ಧಾ ಧಾ ಎಂಬ ಜೋಡಿ ಹಿಡಿಯೋಣ ಎಂದರೆ ಅದು ಒಂದು ಆವರ್ತನದಲ್ಲಿ ಮೂರು ಸಲ ಬರುತ್ತದೆ: 4–5ರಲ್ಲಿ, 8–9ರಲ್ಲಿ, 16–1ರಲ್ಲಿ. ಮೂರರಲ್ಲಿ ಒಂದು ಮಾತ್ರ ಸಮ. ಇಲ್ಲೇ ಹೆಚ್ಚಿನವರು ಜಾರುವುದು. 5ನೇ ಮಾತ್ರೆಯ ಧಾ ಕೂಡ ಸಮದ ಧಾದ ಹಾಗೇ ಇದೆ, ಹಿಂದೆ ಮುಂದೆ ಬರುವ ಬೋಲ್‌ಗಳೂ ಒಂದೇ. ಧಿಂ ಧಿಂ ಧಾ ಧಾ ಧಿಂ ಧಿಂ ಎಂಬಷ್ಟನ್ನೇ ಕೇಳಿದವರು ಯಾರೇ ಆಗಲಿ ಅದು 5ರ ಸುತ್ತಲಿನದೋ 1ರ ಸುತ್ತಲಿನದೋ ಹೇಳಲಾರರು.

ಆದರೆ ತಿಂ ತಿಂ ತಾ ತಾ ಬರುವುದು ಒಂದೇ ಕಡೆ. ಹಾಗಾಗಿ ಧಾ ಹುಡುಕಬೇಡಿ. ಡಗ್ಗಾ ನಿಂತದ್ದನ್ನು ಹುಡುಕಿ. ಆಳದ ಗುಂಯ್ ಇದ್ದಕ್ಕಿದ್ದಂತೆ ತೆಳುವಾಯಿತು, ತಬಲಾ ಹಗುರವಾಯಿತು ಎಂದು ಅನ್ನಿಸಿದ ಕ್ಷಣ 10ನೇ ಮಾತ್ರೆ. ಅಲ್ಲಿ ಅವಸರ ಬೇಡ. ನಾಲ್ಕು ಪೆಟ್ಟು ಹೋಗಲಿ. ಡಗ್ಗಾ ಮರಳಿ ಬಂದಾಗ ಎಣಿಕೆ ಶುರು ಮಾಡಿ: ಧಿಂ ಒಂದು, ಧಿಂ ಎರಡು, ಧಾ ಮೂರು, ಧಾ ನಾಲ್ಕು. ಆ ನಾಲ್ಕನೆಯದೇ ಸಮ. ಅದೇ ಹೊತ್ತಿಗೆ ಹಾಡಿನಲ್ಲಿ ಮತ್ತೆ ಮತ್ತೆ ಬರುವ ಮೊದಲ ತುಂಡಾದ ಮುಖಡಾದಲ್ಲಿ ತೂಕದ ಅಕ್ಷರವೊಂದು ಬಂದು ಕೂತರೆ ನಿಮ್ಮ ಲೆಕ್ಕ ಸರಿ ಎಂದು ಖಾತ್ರಿ. ಮುಂದಿನ ಎರಡು ಆವರ್ತನದಲ್ಲೂ ಹೀಗೇ ಆದರೆ ಇನ್ನು ಎಣಿಸುವುದೇ ಬೇಡ, ಕಿವಿ ತಾನಾಗಿ ಕಾಯತೊಡಗುತ್ತದೆ.

ಖಾಲಿಯ ನಿಜವಾದ ಕೆಲಸ ಇದೇ. ಅದು ಸಮ ಬರುವ ಮುಂಚೆ ಸುಳಿವು ಕೊಡುತ್ತದೆ. ಡಗ್ಗಾ 16 ಮಾತ್ರೆಯೂ ಒಂದೇ ಸಮನೆ ನುಡಿದಿದ್ದರೆ ಸಮಕ್ಕೂ 5ಕ್ಕೂ 9ಕ್ಕೂ ಯಾವ ಭೇದವೂ ಇರುತ್ತಿರಲಿಲ್ಲ. ಸಮದ ಮೇಲೆ ತಬಲಾದಲ್ಲಿ ಬೇರೆ ಬೋಲ್ ಇಲ್ಲ ಎಂಬುದನ್ನು ಗಮನಿಸಿ. ಅದೂ ಒಂದು ಧಾ, ಉಳಿದ ಧಾಗಳ ಹಾಗೆಯೇ. ಅದಕ್ಕೆ ತೂಕ ಬಂದಿರುವುದು ಅದರ ಹಿಂದೆ ಏನಾಯಿತು ಎಂಬುದರಿಂದ.

ನಮ್ಮಲ್ಲಿ ಬಹಳಷ್ಟು ಜನ ಮೊದಲು ಕೇಳಿರುವುದು ಕರ್ನಾಟಕ ಸಂಗೀತ. ಅಲ್ಲಿ ಆದಿತಾಳವನ್ನು ಕೇಳುಗರು ತಮ್ಮ ತೊಡೆಯ ಮೇಲೆ ಹಾಕಿಕೊಳ್ಳುತ್ತಾರೆ. ಒಂದು ತಟ್ಟು, ಮೂರು ಬೆರಳು, ಆಮೇಲೆ ತಟ್ಟು–ಬೀಸು ಎರಡು ಸಲ. ಮೃದಂಗದವರು ಆ ಎಂಟನ್ನು ಗೊತ್ತಾದ ಬೋಲ್‌ಗಳಲ್ಲಿ ಪ್ರತಿ ಸುತ್ತೂ ಹೇಳಿ ತೋರಿಸುವುದಿಲ್ಲ, ಹಾಡಿನ ಜೊತೆಗೆ ನುಡಿಸುತ್ತಾರೆ. ತಾಳ ಕೈಯಲ್ಲಿ ಇದೆ. ಹಿಂದೂಸ್ತಾನಿಯಲ್ಲಿ ಖಯಾಲ್ ಹಾಡುವವರು ಸಾಮಾನ್ಯವಾಗಿ ಕೈಯಲ್ಲಿ ತಾಳ ಹಾಕುವುದಿಲ್ಲ, ಕೇಳುವವರೂ ಹಾಕುವುದು ಕಡಿಮೆ. ತಾಳ ಪೂರ್ತಿ ತಬಲಾದ ಬೋಲ್‌ಗಳಲ್ಲಿ ಇದೆ. ಹಾಗಾಗಿ ಕೈ ನೋಡಿ ತಾಳ ಹಿಡಿಯುವ ಅಭ್ಯಾಸ ಇದ್ದವರು ಇಲ್ಲಿ ಕಣ್ಣು ಬಿಟ್ಟು ಕಿವಿಗೆ ಬರಬೇಕು.

ಬೋಲ್‌ಗಳೇ ತಾಳ ಎಂದೆ. ಅದಕ್ಕೆ ಒಳ್ಳೆಯ ಸಾಕ್ಷಿ ತಿಲವಾಡಾ. ಅದಕ್ಕೂ 16 ಮಾತ್ರೆ, ಅದಕ್ಕೂ ನಾಲ್ಕು ನಾಲ್ಕರ ನಾಲ್ಕು ವಿಭಾಗ, ತಾಲಿ ಖಾಲಿಗಳೂ ಅವೇ ಮಾತ್ರೆಗಳಲ್ಲಿ. ಬರೀ ಕೈ ನೋಡಿದರೆ ತೀನ್‌ತಾಲ್‌ಗೂ ತಿಲವಾಡಾಕ್ಕೂ ಕೂದಲಷ್ಟೂ ವ್ಯತ್ಯಾಸ ಕಾಣದು. ಠೇಕಾ ಮಾತ್ರ ಹೀಗೆ:

ಧಾ ತಿರಕಿಟ ಧಿಂ ಧಿಂ | ಧಾ ಧಾ ತಿಂ ತಿಂ | ತಾ ತಿರಕಿಟ ಧಿಂ ಧಿಂ | ಧಾ ಧಾ ಧಿಂ ಧಿಂ

ಇಲ್ಲಿ ತಿಂ ತಿಂ ಬರುವುದು 7 ಮತ್ತು 8ರಲ್ಲಿ. ಕೈ ಖಾಲಿ ತೋರಿಸುವ ಎರಡು ಮಾತ್ರೆ ಮುಂಚೆಯೇ ಡಗ್ಗಾ ನಿಂತಿತು. ಮರಳಿ ಬರುವುದು 11ರಲ್ಲಿ. ತೀನ್‌ತಾಲ್‌ನಲ್ಲಿ ಮೌನ ಒಂದು ಮಾತ್ರೆ ತಡವಾಗಿ ಬಂದರೆ ಇಲ್ಲಿ ಎರಡು ಮಾತ್ರೆ ಬೇಗ ಬಂದಿದೆ. ಡಗ್ಗಾ ಮರಳಿದ ಮೇಲೆ ಎಣಿಸಿದರೆ ಸಮ ಬರುವುದು ಏಳನೇ ಮಾತ್ರೆಗೆ. ತಿಲವಾಡಾ ನುಡಿಸುವುದು ವಿಲಂಬಿತ್ ಖಯಾಲ್‌ಗೆ. ನಿಧಾನದ ಹಾಡಿಗೆ ಮುಖಡಾ ಎತ್ತಲು ಜಾಸ್ತಿ ಜಾಗ ಬೇಕು. ಆ ದಾರಿಯನ್ನು ಡಗ್ಗಾ ಬೇಗನೇ ತೆರೆದುಕೊಡುತ್ತದೆ ಎಂದು ನಾನು ಅದನ್ನು ಕೇಳುತ್ತೇನೆ.

ಮುಖಡಾ ಎತ್ತುವ ಮಾತು ಬಂದಿತಲ್ಲ, ಅದನ್ನು ಸಿತಾರ್‌ನಲ್ಲಿ ನೋಡೋಣ. ಸಿತಾರ್‌ನ ಮಸೀತ್‌ಖಾನಿ ಗತ್ ಎಂಬ ನಿಧಾನದ ರಚನೆ ಶುರುವಾಗುವುದು ಸಮದಿಂದ ಅಲ್ಲ, 12ನೇ ಮಾತ್ರೆಯಿಂದ. ತಂತಿ ಮೀಟುವ ಮಿಜರಾಬ್‌ನ ಬೋಲ್‌ಗಳು ಹೀಗೆ: 12ರಲ್ಲಿ ದಿರ್, ಆಮೇಲೆ 13ರಿಂದ ದಾ ದಿರ್ ದಾ ರಾ, ಸಮದ ಮೇಲೆ ದಾ. ಇದನ್ನು ಠೇಕಾದ ಮೇಲೆ ಇಟ್ಟು ಕೇಳಿ. ಸಿತಾರ್ ದಿರ್ ಎನ್ನುವಾಗ ತಬಲಾ ಇನ್ನೂ ಖಾಲಿಯ ತಾದಲ್ಲಿದೆ. 14ರಲ್ಲಿ ಡಗ್ಗಾ ಬಂದು ಸೇರುತ್ತದೆ. ಇಬ್ಬರೂ ಸಮಕ್ಕೆ ಒಟ್ಟಿಗೆ ಬರುತ್ತಾರೆ. ಗತ್ ಮೊದಲ ಸಲ ಶುರುವಾದಾಗ ತಬಲಾದವರು ಸುಮ್ಮನೆ ಕೂತು ಆ ಐದು ಮಾತ್ರೆ ಕೇಳುತ್ತಾರೆ, ಸಮದ ಮೇಲೆ ಧಾ ಎಂದು ಒಳಗೆ ಬರುತ್ತಾರೆ. ಲಯ ಎಷ್ಟು, ಸಮ ಎಲ್ಲಿ ಎಂದು ಅವರಿಗೆ ಆ ಐದು ಮಾತ್ರೆಯಲ್ಲೇ ಗೊತ್ತಾಗಬೇಕು. ಎಷ್ಟೋ ಛೋಟಾ ಖಯಾಲ್‌ಗಳು 9ನೇ ಮಾತ್ರೆಯಿಂದ ಏಳುತ್ತವೆ. ಅಲ್ಲಿಂದ ಸಮಕ್ಕೆ ಸರಿಯಾಗಿ ಎಂಟು ಮಾತ್ರೆ, ಅರ್ಧ ಆವರ್ತನ. ಹಾಡೂ ಕೂಡ ಸಮವನ್ನು ತಲುಪುವ ಜಾಗ ಎಂದೇ ತಿಳಿದು ಕಟ್ಟಿದ್ದು.

ಅದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ತಿಹಾಯಿಯಲ್ಲಿ. ಒಂದು ತುಂಡನ್ನು ಮೂರು ಸಲ ನುಡಿಸಿ, ಮೂರನೆಯದರ ಕೊನೆಯ ಪೆಟ್ಟು ಸಮದ ಮೇಲೆ ಬೀಳುವಂತೆ ಮಾಡುವುದು ತಿಹಾಯಿ. ಒಂದನ್ನು ಪೂರ್ತಿ ಲೆಕ್ಕ ಹಾಕಿ ನೋಡೋಣ. ತುಂಡು ಇದು: ತಿಟ ಕತ ಗದಿ ಗನ ಧಾ. ತಿಟ ಒಂದು ಮಾತ್ರೆ, ಕತ ಒಂದು, ಗದಿ ಒಂದು, ಗನ ಒಂದು, ಧಾ ಒಂದು. ಒಟ್ಟು ಐದು ಮಾತ್ರೆ. ಮೂರು ಸಲ ಎಂದರೆ 15. ಕೊನೆಯ ಧಾ 17ನೇ ಮಾತ್ರೆ, ಅಂದರೆ ಮುಂದಿನ ಸಮ ಆಗಬೇಕು. ಹಿಂದಕ್ಕೆ 15 ಎಣಿಸಿ: 17, 16, 15 ಎನ್ನುತ್ತಾ ಹೋದರೆ 3ಕ್ಕೆ ಬಂದು ನಿಲ್ಲುತ್ತೇವೆ. ಹಾಗಾಗಿ ಈ ತಿಹಾಯಿ ಎತ್ತಬೇಕಾದದ್ದು 3ನೇ ಮಾತ್ರೆಯಿಂದ.

3ರಲ್ಲಿ ತಿಟ, 4ರಲ್ಲಿ ಕತ, 5ರಲ್ಲಿ ಗದಿ, 6ರಲ್ಲಿ ಗನ, 7ರಲ್ಲಿ ಧಾ. ಎರಡನೇ ಸಲ 8ರಿಂದ ಹೊರಟು 12ರಲ್ಲಿ ಧಾ. ಮೂರನೇ ಸಲ 13ರಿಂದ ಹೊರಟು 14, 15, 16 ದಾಟಿ ಸಮದ ಮೇಲೆ ಧಾ. ಈಗ ಆ ಮೂರು ಧಾಗಳು ಎಲ್ಲಿ ಬಿದ್ದವು ನೋಡಿ. 7, 12 ಮತ್ತು ಸಮ. 7 ವಿಭಾಗದ ನಡುವೆ ಇದೆ. 12 ಠೇಕಾದಲ್ಲಿ ಡಗ್ಗಾ ಇಲ್ಲದ ಜಾಗ, ಅಲ್ಲಿ ಈಗ ತುಂಬಿದ ಧಾ ಬಿದ್ದಿದೆ. ಎರಡು ಸಲ ಧಾ ತಪ್ಪು ಜಾಗದಲ್ಲಿ ಬಿದ್ದಂತೆ ಕೇಳಿಸಿ, ಮೂರನೇ ಸಲ ಸರಿಯಾದ ಜಾಗಕ್ಕೆ ಬರುತ್ತದೆ. ಕೇಳುಗರ ಮನಸ್ಸಿನಲ್ಲಿ ಠೇಕಾ ಒಳಗೊಳಗೇ ನಡೆಯುತ್ತಿದ್ದರೆ ಮಾತ್ರ ಈ ಬಿಗಿ ಗೊತ್ತಾಗುತ್ತದೆ. ಇಲ್ಲದಿದ್ದರೆ ಒಂದೇ ಮಾತನ್ನು ಮೂರು ಸಲ ಹೇಳಿದಂತೆ ಕೇಳಿಸುತ್ತದೆ ಅಷ್ಟೇ. ಒಬ್ಬರೇ ಕೂತು ಬಾಯಲ್ಲಿ ತಿಹಾಯಿ ಹೇಳುತ್ತಾ ಕೈಯಲ್ಲಿ 5, 9, 13 ಹಾಕಿ ನೋಡಿ. ಕೊನೆಯ ತಿಟಕ್ಕೂ 13ರ ಚಪ್ಪಾಳೆಗೂ ಒಟ್ಟಿಗೆ ಬಂದಿತೋ ಇಲ್ಲವೋ ಎಂಬುದೇ ಪರೀಕ್ಷೆ. ಅಲ್ಲಿ ಕೂಡಿದರೆ ಸಮದಲ್ಲೂ ಕೂಡುತ್ತದೆ.

ಇನ್ನು ಲಯದ ವಿಷಯ. ನಿಮಿಷಕ್ಕೆ 40 ಮಾತ್ರೆಯ ನಡೆಯಲ್ಲಿ ಒಂದು ಆವರ್ತನಕ್ಕೆ 24 ಸೆಕೆಂಡ್ ಬೇಕು. 160ರಲ್ಲಿ ಅದೇ ಆವರ್ತನ 6 ಸೆಕೆಂಡ್. 320ಕ್ಕೆ ಹೋದರೆ 3 ಸೆಕೆಂಡ್. ಠೇಕಾ ಅದೇ, ಆದರೆ ಕೇಳಿಸುವ ಬಗೆ ಪೂರ್ತಿ ಬೇರೆ. ನಿಧಾನದಲ್ಲಿ ಮಾತ್ರೆಯಿಂದ ಮಾತ್ರೆಗೆ ಬಹಳ ಅಂತರ. ಬರೀ ಧಾ ಎಂದು ಬಿಟ್ಟರೆ ಕಿವಿಗೆ ಮುಂದಿನ ಮಾತ್ರೆ ಯಾವಾಗ ಎಂದು ತಿಳಿಯದು. ಅದಕ್ಕೇ ತಬಲಾದವರು ನಡುವೆ ಗೆಗೆ, ತಿರಕಿಟ ಎಂದು ತುಂಬುತ್ತಾರೆ. ಡಗ್ಗಾದ ಮೇಲೆ ಮಣಿಕಟ್ಟು ಜಾರಿಸಿ ದನಿಯನ್ನು ಎಳೆಯುತ್ತಾರೆ. ಈ ತುಂಬುವಿಕೆ ಹೆಚ್ಚಾದರೆ ಠೇಕಾದ ಮೂಲ ಬೋಲ್‌ಗಳೇ ಮುಚ್ಚಿಹೋಗುತ್ತವೆ. ಹಾಡುವವರು ಸಮ ಹುಡುಕುವ ಹಾಗಾಗುತ್ತದೆ. ವಿಲಂಬಿತ್‌ನಲ್ಲಿ ಖಾಲಿಯನ್ನು ನಿಜಕ್ಕೂ ಖಾಲಿ ಬಿಡುವ ತಬಲಾದವರ ಮೇಲೆ ನನಗೆ ಬಹಳ ಗೌರವ. ತುಂಬುವುದು ಕಷ್ಟವಲ್ಲ. 10ರಿಂದ 13ರವರೆಗೆ ಎಡಗೈಯನ್ನು ತಡೆದು ಕೂರಿಸುವುದು ಕಷ್ಟ.

ವೇಗದಲ್ಲಿ ತೊಂದರೆ ಬೇರೆ. ಡಗ್ಗಾದ ದನಿ ಹೊಡೆದ ಕೂಡಲೇ ಸಾಯುವುದಿಲ್ಲ, ಸ್ವಲ್ಪ ಹೊತ್ತು ಗುಂಯ್‌ಗುಡುತ್ತದೆ. ನಿಧಾನದಲ್ಲಿ 9ನೇ ಮಾತ್ರೆಯ ಧಾ 10 ಬರುವ ಹೊತ್ತಿಗೆ ಅಡಗಿರುತ್ತದೆ. ದ್ರುತ್‌ನಲ್ಲಿ ಅದು 10, 11ರ ತಿಂ ಮೇಲೂ ಚೆಲ್ಲುತ್ತದೆ. ಆಗ ತಿಂ ಕೂಡ ಧಿಂ ಎಂದೇ ಕೇಳಿಸುತ್ತದೆ, ಖಾಲಿ ಮಾಯವಾಗುತ್ತದೆ. ಆದ್ದರಿಂದ 10ರಲ್ಲಿ ಎಡಗೈ ಸುಮ್ಮನಿರಬಾರದು. ಅಂಗೈಯನ್ನು ಡಗ್ಗಾದ ಮೇಲೆ ಮೆತ್ತಗೆ ಇಟ್ಟು ಆ ದನಿಯನ್ನು ಮುಚ್ಚಬೇಕು. ಕೆಲವರು ಅಲ್ಲಿ ‘ಕೆ’ ಎಂಬ ಮುಚ್ಚಿದ ಪೆಟ್ಟನ್ನು ಕೇಳಿಸದಷ್ಟು ಹಗುರವಾಗಿ ಇಡುತ್ತಾರೆ. ತಮ್ಮದೇ ನುಡಿಸಾಣಿಕೆಯನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಂಡು, ಮಧ್ಯದಿಂದ ಎಲ್ಲಾದರೂ ಹಾಕಿ, ಖಾಲಿ ಎಲ್ಲಿದೆ ಎಂದು ತಮಗೇ ಸಿಗುತ್ತದೆಯೇ ಎಂದು ನೋಡಿದರೆ ಈ ದೋಷ ತಕ್ಷಣ ಗೊತ್ತಾಗುತ್ತದೆ.

ಇನ್ನೊಂದು ತಪ್ಪೂ ಅಲ್ಲೇ ಆಗುತ್ತದೆ. ಎಡಗೈಗೆ ಕೆಲಸ ತಪ್ಪಿದ ಕೂಡಲೇ ಬಲಗೈ ಓಡತೊಡಗುತ್ತದೆ. ತಿಂ ತಿಂ ತಾ ತಾ ಸ್ವಲ್ಪ ಚಿಕ್ಕದಾಗಿ, ಧಿಂ ಧಿಂ ಧಾ ಧಾ ಸರಿಯಾಗಿ. ಒಂದು ಆವರ್ತನದಲ್ಲಿ ಕಾಣದಷ್ಟು ಸಣ್ಣದು. ಆದರೆ ಪ್ರತಿ ಆವರ್ತನದಲ್ಲೂ ಸೇರುತ್ತಾ ಹೋಗಿ ಲಯ ಏರಿಬಿಡುತ್ತದೆ. ಬಾಯಲ್ಲಿ ಬೋಲ್ ಹೇಳುತ್ತಾ ಕೈಯಲ್ಲಿ ತಾಳ ಹಾಕುವ ಪಢಂತ್‌ನ ಅಭ್ಯಾಸ ಇದಕ್ಕೆ ಒಳ್ಳೆಯ ಮದ್ದು. ಬಾಯಿ ಧಾ ಎನ್ನುವಾಗ ಕೈ ಬೀಸಬೇಕು, ಬಾಯಿ ತಾ ಎನ್ನುವಾಗ ಕೈ ತಟ್ಟಬೇಕು. ಆ ಎರಡು ಮಾತ್ರೆಗಳಲ್ಲಿ ಬಾಯಿ ಮತ್ತು ಕೈ ಬೇರೆಬೇರೆ ಮಾತಾಡುವುದನ್ನು ತಡೆದುಕೊಂಡವರ ಖಾಲಿ ಓಡುವುದಿಲ್ಲ.

ದ್ರುತ್‌ನಲ್ಲಿ ಠೇಕಾ ತನ್ನ ಬೋಲ್‌ಗಳನ್ನೂ ಹಗುರ ಮಾಡಿಕೊಳ್ಳುತ್ತದೆ. ಧಾ ಧಿಂ ಧಿಂ ಧಾ ಬದಲು ನಾ ಧಿಂ ಧಿಂ ನಾ ಬರುತ್ತದೆ. ಬನಾರಸ್ ಘರಾನೆಯ ಅನೋಖೇಲಾಲ್ ಮಿಶ್ರಾ (1914–1958) ಇದಕ್ಕೇ ಹೆಸರಾದವರು. ಪರನ್ ಎಂಬ ದೊಡ್ಡ ದೊಡ್ಡ ರಚನೆಗಳಿಂದಲ್ಲ, ಎಲ್ಲರಿಗೂ ಬರುವ ಈ ನಾಲ್ಕು ಬೋಲ್‌ಗಳನ್ನು ಅಷ್ಟು ವೇಗದಲ್ಲಿ ಅಷ್ಟು ಶುದ್ಧವಾಗಿ ನುಡಿಸಿದ್ದರಿಂದ. ಈ ರೂಪದಲ್ಲಿ ವಿಭಾಗದ ಮೊದಲ ಮತ್ತು ಕೊನೆಯ ಮಾತ್ರೆಗಳಲ್ಲಿ ಡಗ್ಗಾ ಇಲ್ಲ. ಖಾಲಿಯ ಸುಳಿವು ಧಿಂ ಧಿಂ, ತಿಂ ತಿಂ ಆಗುವುದರಲ್ಲಿ ಮಾತ್ರ ಉಳಿದಿರುತ್ತದೆ. ಅದೂ 10 ಮತ್ತು 11ರಲ್ಲಿ.

ಡಗ್ಗಾ ಕೇಳಿ ಸಮ ಹಿಡಿಯುವ ಉಪಾಯಕ್ಕೆ ಒಂದು ಮಿತಿ ಇದೆ. ಅದು ತಬಲಾ ಠೇಕಾ ನುಡಿಸುವಾಗ ಮಾತ್ರ ಕೆಲಸ ಮಾಡುತ್ತದೆ. ತಬಲಾ ಸೋಲೋದಲ್ಲಿ ಕಾಯದಾ, ಅಂದರೆ ಬೆಳೆಸುತ್ತಾ ಹೋಗುವ ಬೋಲ್‌ಗಳ ರಚನೆ, ಶುರುವಾದ ಕೂಡಲೇ ಅದು ಕೈಕೊಡುತ್ತದೆ. ದಿಲ್ಲಿಯ ಹೆಸರಾಂತ ಕಾಯದಾ ಒಂದನ್ನು ನೋಡಿ.

ಧಾಧಾ ತಿಟ ಧಾಧಾ ತಿಂನಾ | ತಾತಾ ತಿಟ ಧಾಧಾ ಧಿಂನಾ

ಮಾತ್ರೆಗೆ ಎರಡು ಅಕ್ಷರದಂತೆ ನುಡಿಸಿದರೆ ಇದು ಎಂಟೇ ಮಾತ್ರೆಗೆ ಮುಗಿಯುತ್ತದೆ. ಇದರೊಳಗೇ ಡಗ್ಗಾ ತುಂಬಿದ ಒಂದು ಭರಿ, ಡಗ್ಗಾ ಇಲ್ಲದ ಒಂದು ಖಾಲಿ ಇದೆ. ಅಂದರೆ ತೀನ್‌ತಾಲ್‌ನ ಒಂದು ಆವರ್ತನದಲ್ಲಿ ಡಗ್ಗಾ ಎರಡು ಸಲ ಹೀಗೆ ಹೋಗಿ ಬರುತ್ತದೆ. ಒಂದು ಸಲ ಮರಳಿದ ಮೇಲೆ ಸಮ, ಇನ್ನೊಂದು ಸಲ ಮರಳಿದ ಮೇಲೆ 9. ಡಗ್ಗಾ ಒಂದನ್ನೇ ನಂಬಿದರೆ ಯಾವುದು ಯಾವುದೋ ತಿಳಿಯದು. ಇಲ್ಲೂ ಮೌನ ಗೆರೆಯ ಮೇಲೆ ಸರಿಯಾಗಿ ಕೂತಿಲ್ಲ ಎಂಬುದನ್ನು ಗಮನಿಸಿ. ಎರಡನೇ ಅರ್ಧ ಶುರುವಾಗುವ ಒಂದು ಮಾತ್ರೆ ಮುಂಚೆ ತಿಂನಾದಲ್ಲೇ ಡಗ್ಗಾ ನಿಂತಿತು, ಆ ಅರ್ಧ ಮುಗಿಯಲು ಎರಡು ಮಾತ್ರೆ ಇರುವಾಗಲೇ ಧಾಧಾ ಎಂದು ಮರಳಿತು. ಕೊನೆಯ ಧಿಂನಾ ನೇರವಾಗಿ ಮುಂದಿನ ಧಾಕ್ಕೆ ಕೊಂಡೊಯ್ಯುತ್ತದೆ.

ಸೋಲೋದಲ್ಲಿ ಹಾರ್ಮೋನಿಯಂ ಅಥವಾ ಸಾರಂಗಿ ಲೆಹರಾ ಎಂಬ ಸಣ್ಣ ರಾಗದ ಸಾಲೊಂದನ್ನೇ ಬಿಡದೆ ನುಡಿಸುತ್ತಿರುವುದು ಈ ಕಾರಣಕ್ಕೇ. ಅಲ್ಲಿ ಕೆಲಸ ಅದಲು ಬದಲಾಗಿದೆ. ಹಾಡಿನ ಜೊತೆ ಇದ್ದಾಗ ತಬಲಾ 16 ಮಾತ್ರೆ ಕಾಯುತ್ತದೆ, ರಾಗ ಓಡಾಡುತ್ತದೆ. ಸೋಲೋದಲ್ಲಿ ಲೆಹರಾ 16 ಮಾತ್ರೆ ಕಾಯುತ್ತದೆ, ತಬಲಾ ಓಡಾಡುತ್ತದೆ. ಆದ್ದರಿಂದ ಸೋಲೋ ಕೇಳಲು ಕೂತಾಗ ಮೊದಲ ಕೆಲವು ಆವರ್ತನ ತಬಲಾ ಬಿಟ್ಟು ಲೆಹರಾವನ್ನೇ ಕೇಳಿ, ಅದರ ಯಾವ ಸ್ವರ ಸಮದ ಮೇಲೆ ಬರುತ್ತದೆ ಎಂದು ಗುರುತು ಮಾಡಿಕೊಳ್ಳಿ. ಕಾಯದಾದ ಎರಡು ಖಾಲಿಗಳಲ್ಲಿ ಯಾವುದು ಆವರ್ತನದ ಮೊದಲ ಅರ್ಧದ್ದು, ಯಾವುದು ಎರಡನೆಯದ್ದು ಎಂದು ಆ ಸ್ವರವೇ ಹೇಳುತ್ತದೆ.